ಹೋದ ಪ್ಯಾಕೆಟ್ ಮರಳಿ ಬರದಿದ್ದಾಗ

ಎಲ್ಲರಿಗೂ ನಮಸ್ಕಾರ. ಇಂದು ಒಂದೇ ಒಂದು ದೋಷವನ್ನು ಬಿಡಿಸಿ ನೋಡೋಣ. ಎಡಬ್ಲ್ಯೂಎಸ್‌ನಲ್ಲಿ ಎರಡು ಸಬ್‌ನೆಟ್‌ಗಳಿವೆ ಎಂದುಕೊಳ್ಳಿ. ಅಪ್ಲಿಕೇಶನ್ ಸರ್ವರ್‌ಗಳು 10.0.1.0/24ರಲ್ಲಿ, ಪೋಸ್ಟ್‌ಗ್ರೆಸ್ ಡೇಟಾಬೇಸ್ 10.0.2.0/24ರಲ್ಲಿ. ಡೇಟಾಬೇಸ್‌ನ ಸೆಕ್ಯೂರಿಟಿ ಗ್ರೂಪ್ 5432ನೇ ಪೋರ್ಟ್‌ಗೆ ಅಪ್ಲಿಕೇಶನ್‌ನಿಂದ ಬರುವ ಸಂಪರ್ಕವನ್ನು ಒಪ್ಪುತ್ತದೆ. ಅತ್ತ ಅಪ್ಲಿಕೇಶನ್‌ನ ಗ್ರೂಪ್ ಹೊರಹೋಗಲು ಬಿಡುತ್ತದೆ. ಎಷ್ಟು ಸಲ ಓದಿದರೂ ನಿಯಮಗಳಲ್ಲಿ ತಪ್ಪಿಲ್ಲ. ಆದರೂ ಕೆಲವು ಸಂಪರ್ಕಗಳು ಆಗುತ್ತವೆ, ಕೆಲವು ಸುಮ್ಮನೆ ಕಾದು ಟೈಮ್‌ಔಟ್ ಆಗುತ್ತವೆ.

ಸೆಕ್ಯೂರಿಟಿ ಗ್ರೂಪ್‌ಗೆ ನೆನಪಿದೆ. ಒಳಬಂದ ಸಂಪರ್ಕವನ್ನು ಒಮ್ಮೆ ಒಪ್ಪಿದರೆ ಅದರ ಉತ್ತರವನ್ನು ತಾನಾಗಿಯೇ ಹೊರಗೆ ಬಿಡುತ್ತದೆ. ಸಬ್‌ನೆಟ್‌ನ ಅಂಚಿನಲ್ಲಿರುವ ನೆಟ್‌ವರ್ಕ್ ಎಸಿಎಲ್‌ಗೆ ಆ ನೆನಪಿಲ್ಲ. ಅದು ಪ್ರತಿ ಪ್ಯಾಕೆಟ್ಟನ್ನೂ ಹೊಸದೆಂಬಂತೆ ನೋಡಿ, ಚಿಕ್ಕ ಸಂಖ್ಯೆಯ ನಿಯಮದಿಂದ ಶುರುಮಾಡಿ, ಮೊದಲು ಹೊಂದಿದ್ದನ್ನು ಅನ್ವಯಿಸುತ್ತದೆ. ಯಾವುದೂ ಹೊಂದದಿದ್ದರೆ ಪ್ಯಾಕೆಟ್ ಅಲ್ಲಿಗೇ ಮುಗಿಯಿತು. ಡೀಫಾಲ್ಟ್ ಎಸಿಎಲ್ ಎಲ್ಲವನ್ನೂ ಬಿಡುವುದರಿಂದ ಈ ವ್ಯತ್ಯಾಸ ಬಹಳ ದಿನ ಯಾರ ಗಮನಕ್ಕೂ ಬರುವುದಿಲ್ಲ. ಯಾರೋ ಭದ್ರತೆ ಬಿಗಿ ಮಾಡಲೆಂದು ಹೊಸ ಎಸಿಎಲ್ ಹಾಕಿದ ಮೇಲೆ ತೊಂದರೆ ಶುರುವಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ಡೇಟಾಬೇಸ್ ಸಬ್‌ನೆಟ್‌ನ ಎಸಿಎಲ್ ಒಳಕ್ಕೆ 5432 ಬಿಟ್ಟಿದೆ, ಹೊರಕ್ಕೆ 49152ರಿಂದ 65535ರವರೆಗೆ ಬಿಟ್ಟಿದೆ. ಬರೆದವರು ಅಜಾಗರೂಕರಲ್ಲ. ಉತ್ತರ ಹೋಗುವುದು 5432ಕ್ಕಲ್ಲ, ಕ್ಲೈಂಟ್ ಆ ಸಂಪರ್ಕಕ್ಕಾಗಿ ಆರಿಸಿಕೊಂಡ ತಾತ್ಕಾಲಿಕ ಪೋರ್ಟ್‌ಗೆ ಎಂದು ಅವರಿಗೆ ಗೊತ್ತಿತ್ತು. ತಾತ್ಕಾಲಿಕ ಪೋರ್ಟ್‌ಗಳಿಗೆ ಐಎಎನ್‌ಎ ಸೂಚಿಸುವ ವ್ಯಾಪ್ತಿಯೂ ಅದೇ, ಈಗಿನ ವಿಂಡೋಸ್ ಬಳಸುವುದೂ ಅದನ್ನೇ. ಆದರೆ ಕ್ಲೈಂಟ್ ಲಿನಕ್ಸ್:

```
$ cat /proc/sys/net/ipv4/ip_local_port_range
32768   60999
```

ಈ ವ್ಯಾಪ್ತಿಯಲ್ಲಿ 28,232 ಪೋರ್ಟ್‌ಗಳಿವೆ. ಎಸಿಎಲ್ ಬಿಡುವುದು ಅವುಗಳಲ್ಲಿ 11,848ಕ್ಕೆ ಮಾತ್ರ. ಅಂದರೆ ನೂರು ಹೊಸ ಸಂಪರ್ಕಗಳಲ್ಲಿ ಸುಮಾರು 42 ಆಗುತ್ತವೆ, ಉಳಿದವು ಸಾಯುತ್ತವೆ. ಪೂರ್ತಿ ಮುಚ್ಚಿದ್ದರೆ ಐದು ನಿಮಿಷದಲ್ಲಿ ಸಿಕ್ಕಿಬಿಡುತ್ತಿತ್ತು. ಅರ್ಧಂಬರ್ಧ ತೆರೆದಿದ್ದರಿಂದ ಜನ ಡೇಟಾಬೇಸ್‌ನ ಲೋಡ್, ಡಿಎನ್‌ಎಸ್, ಡ್ರೈವರ್ ಎಂದು ಎಲ್ಲೆಲ್ಲೋ ಹುಡುಕುತ್ತಾರೆ.

ಇನ್ನೂ ಒಂದು ವಿಷಯ ದಾರಿ ತಪ್ಪಿಸುತ್ತದೆ. ಕನೆಕ್ಷನ್ ಪೂಲ್ ಒಮ್ಮೆ ಹಿಡಿದ ಸಂಪರ್ಕವನ್ನು ಬಿಡುವುದಿಲ್ಲ. ಅದೃಷ್ಟದ ಪೋರ್ಟ್ ಸಿಕ್ಕ ಸಂಪರ್ಕಗಳು ದಿನಗಟ್ಟಲೆ ಚೆನ್ನಾಗಿಯೇ ನಡೆಯುತ್ತವೆ. ಹೊಸ ಆವೃತ್ತಿ ಏರಿಸಿದಾಗಲೋ, ದಟ್ಟಣೆ ಹೆಚ್ಚಿ ಪೂಲ್ ಬೆಳೆದಾಗಲೋ ದೋಷ ಕಾಣುತ್ತದೆ, ಆಗ ಅನುಮಾನವೆಲ್ಲ ಹೊಸ ಕೋಡ್‌ನ ಮೇಲೆ. ಲಿನಕ್ಸ್ ತಾನೇ ಸಿನ್ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತದೆ ನಿಜ, ಆದರೆ ಅದೇ ಪೋರ್ಟ್‌ನಿಂದ. ಹಾಗಾಗಿ ಆ ಸಂಪರ್ಕ ಎಷ್ಟು ಕಾದರೂ ಆಗುವುದಿಲ್ಲ. ಅದನ್ನು ಕೈಬಿಟ್ಟು ಹೊಸದನ್ನು ತೆರೆದರೆ ಆಗಲೂಬಹುದು.

ಪತ್ತೆ ಹಚ್ಚುವುದು ಹೇಗೆ? ಮೊದಲ ಸುಳಿವು ದೋಷದ ಬಗೆಯಲ್ಲೇ ಇದೆ: ಬರುವುದು ಟೈಮ್‌ಔಟ್, "connection refused" ಅಲ್ಲ. ಡೇಟಾಬೇಸ್ ಯಂತ್ರ ನಿಮ್ಮದೇ ಆಗಿದ್ದರೆ ಅದರ ಮೇಲೆ `tcpdump` ಓಡಿಸಿ. ಸಿನ್ ಬಂದದ್ದು ಕಾಣುತ್ತದೆ, ಸಿನ್-ಆ್ಯಕ್ ಹೋದದ್ದೂ ಕಾಣುತ್ತದೆ, ಮತ್ತೆ ಅದೇ ಸಿನ್ ಬರುತ್ತದೆ. ಉತ್ತರ ಯಂತ್ರದಿಂದ ಹೊರಟಿದೆ, ಕ್ಲೈಂಟ್‌ಗೆ ಮುಟ್ಟಿಲ್ಲ. ಆಮೇಲೆ ಡೇಟಾಬೇಸ್ ಇಂಟರ್‌ಫೇಸ್‌ನ ವಿಪಿಸಿ ಫ್ಲೋ ಲಾಗ್ ತೆಗೆಯಿರಿ. ಬೇಕಾದ ಕಾಲಂಗಳನ್ನಷ್ಟೇ ಇಟ್ಟರೆ ಹೀಗಿರುತ್ತದೆ:

```
10.0.1.25 10.0.2.40 41822 5432  ACCEPT
10.0.2.40 10.0.1.25 5432  41822 REJECT
```

ಈ ಜೋಡಿಯೇ ಸಾಕ್ಷಿ. ಸೆಕ್ಯೂರಿಟಿ ಗ್ರೂಪ್ ತಾನು ಒಪ್ಪಿದ ಸಂಪರ್ಕದ ಉತ್ತರವನ್ನು ತಡೆಯುವುದಿಲ್ಲ. ಹೋಗುವಾಗ `ACCEPT`, ಬರುವಾಗ `REJECT` ಎಂದರೆ ತಡೆದದ್ದು ಎಸಿಎಲ್. ಡೇಟಾಬೇಸ್ ಇರುವ ಸಬ್‌ನೆಟ್‌ನಲ್ಲೇ ಇನ್ನೊಂದು ಯಂತ್ರ ಎಬ್ಬಿಸಿ ಪರೀಕ್ಷೆ ಮಾಡಬೇಡಿ. ಒಂದೇ ಸಬ್‌ನೆಟ್ ಒಳಗಿನ ಸಂಚಾರಕ್ಕೆ ಎಸಿಎಲ್ ಅನ್ವಯಿಸುವುದಿಲ್ಲವಾದ್ದರಿಂದ ಎಲ್ಲವೂ ಸರಿ ಎಂದೇ ತೋರುತ್ತದೆ.

ಪರಿಹಾರ ಚಿಕ್ಕದು. ಡೇಟಾಬೇಸ್ ಸಬ್‌ನೆಟ್‌ನ ಹೊರಹೋಗುವ ನಿಯಮವನ್ನು 10.0.1.0/24ಕ್ಕೆ 1024ರಿಂದ 65535 ಎಂದು ವಿಸ್ತರಿಸಿ. 32768 ಎಂದು ಬರೆದರೂ ಇಂದಿಗೆ ಸಾಕು, ಆದರೆ ನಡುವೆ ನ್ಯಾಟ್ ಗೇಟ್‌ವೇ ಅಥವಾ ಲೋಡ್ ಬ್ಯಾಲೆನ್ಸರ್ ಬಂದರೆ ಅವು 1024ರಿಂದಲೇ ಪೋರ್ಟ್ ಆರಿಸುತ್ತವೆ. ಅಪ್ಲಿಕೇಶನ್ ಸಬ್‌ನೆಟ್‌ಗೂ ಪ್ರತ್ಯೇಕ ಎಸಿಎಲ್ ಇದ್ದರೆ, ಅದೇ ವ್ಯಾಪ್ತಿಯನ್ನು ಅಲ್ಲಿ ಒಳಬರುವ ಕಡೆಯೂ ತೆರೆಯಬೇಕು. ಇದನ್ನು ಮರೆತರೆ ಉತ್ತರ ಒಂದು ಗಡಿ ದಾಟಿ ಇನ್ನೊಂದರಲ್ಲಿ ಬೀಳುತ್ತದೆ.

ಇಷ್ಟು ಪೋರ್ಟ್ ತೆರೆಯಬಹುದೇ ಎಂಬ ಆತಂಕ ನ್ಯಾಯವಾದದ್ದೇ. ಆ ವ್ಯಾಪ್ತಿಯೊಳಗೆ 3389, 5432, 8080 ಎಲ್ಲವೂ ಸೇರಿವೆ. ಆದ್ದರಿಂದ ಒಳಬರುವ ನಿಯಮದಲ್ಲಿ ಮೂಲವನ್ನು 10.0.2.0/24 ಎಂದು ಕಟ್ಟಿಹಾಕಿ, 0.0.0.0/0 ಬೇಡ. ಯಾವ ಪೋರ್ಟ್‌ಗೆ ಯಾರು ಹೊಸ ಸಂಪರ್ಕ ತೆರೆಯಬಹುದು ಎಂಬ ತೀರ್ಮಾನವನ್ನು ನೆನಪಿರುವ ಸೆಕ್ಯೂರಿಟಿ ಗ್ರೂಪ್‌ಗೇ ಬಿಡಿ.