ಇದೆಯಾ, ಎಷ್ಟಿದೆ, ಯಾಕಿದೆ: ಕೈ-ಸ್ಕ್ವೇರ್ ಉತ್ತರಿಸುವುದು ಒಂದಕ್ಕೆ ಮಾತ್ರ

ಕೇಳುಗರಿಗೆ ನಮಸ್ಕಾರ. ಕೈಗೆ ಸಿಗುವಂತೆ ಒಂದು ಕಾಗದ, ಪೆನ್ನು ಇದ್ದರೆ ತಗೊಳ್ಳಿ. ಇಲ್ಲದಿದ್ದರೂ ಚಿಂತೆಯಿಲ್ಲ, ಲೆಕ್ಕ ಸಣ್ಣದು.

ನಾನು ಇವತ್ತು ಮಾತಾಡುತ್ತಿರುವುದು ಮುಖ್ಯವಾಗಿ ಸರ್ವೆ ಮುಗಿಸಿ, ಪ್ರಾಜೆಕ್ಟ್ ವರದಿ ಬರೆಯಲು ಕೂತವರ ಜೊತೆ. ನಿಮ್ಮ ಗೈಡು 'ಕೈ-ಸ್ಕ್ವೇರ್ ಹಾಕು' ಅಂದಿರುತ್ತಾರೆ. ಕಂಪ್ಯೂಟರಿನಲ್ಲಿ ಬಟನ್ ಒತ್ತುತ್ತೀರಿ. ಪಿ-ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬಂದರೆ ಸಂಭ್ರಮ, ಜಾಸ್ತಿ ಬಂದರೆ ಸಪ್ಪೆ ಮುಖ. ಮೂವತ್ತು ವರ್ಷದಿಂದ ಈ ಎರಡು ಮುಖಗಳನ್ನು ನೋಡುತ್ತಿದ್ದೇನೆ. ಹಾಗಾಗಿ ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ. ಎರಡು ಸಂಗತಿಗಳ ನಡುವೆ ಸಂಬಂಧ ಇದೆಯಾ, ಎಷ್ಟಿದೆ, ಯಾಕಿದೆ ಅನ್ನೋದು ಮೂರು ಬೇರೆ ಬೇರೆ ಪ್ರಶ್ನೆ. ಕೈ-ಸ್ಕ್ವೇರ್ ಉತ್ತರ ಕೊಡುವುದು ಮೊದಲನೆಯದಕ್ಕೆ ಮಾತ್ರ.

ನನಗೆ ತುಂಬ ಇಷ್ಟವಾದ ಒಂದು ಪ್ರಸಂಗದಿಂದಲೇ ಹೇಳುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಇದೆಯಲ್ಲ, ಅಲ್ಲಿ 1973ರಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ ಬಂದ ಅರ್ಜಿಗಳು 12,763. ಗಂಡಸರವು 8,442, ಹೆಂಗಸರವು 4,321. ಗಂಡಸರಲ್ಲಿ ನೂರಕ್ಕೆ 44 ಜನರಿಗೆ ಸೀಟು ಸಿಕ್ಕಿತು. ಹೆಂಗಸರಲ್ಲಿ ನೂರಕ್ಕೆ 35 ಜನರಿಗೆ. ವಿಶ್ವವಿದ್ಯಾಲಯದ ಮೇಲೆ ಕೇಸ್ ಹಾಕಿದ್ದರು ಅಂತ ಈ ಕಥೆ ಹೇಳುವವರೆಲ್ಲ ಸೇರಿಸುತ್ತಾರೆ. ಹಾಗೇನೂ ಆಗಿರಲಿಲ್ಲ. ಪೀಟರ್ ಬಿಕೆಲ್ ಎಂಬ ಸಂಖ್ಯಾಶಾಸ್ತ್ರಜ್ಞರು, ಇನ್ನಿಬ್ಬರ ಜೊತೆ ಸೇರಿ ಲೆಕ್ಕ ಬಿಡಿಸಿದರು. ಅದು 1975ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು.

ಕಾಗದದ ಮೇಲೆ ನಾಲ್ಕು ಮನೆ ಬರೆಯಿರಿ. ಮೇಲಿನ ಸಾಲು ಗಂಡಸರದು, ಕೆಳಗಿನದು ಹೆಂಗಸರದು. ಎಡಕ್ಕೆ ಸೀಟು ಸಿಕ್ಕವರು, ಬಲಕ್ಕೆ ಸಿಗದವರು. ಗಂಡಸರು 3,738 ಮತ್ತು 4,704. ಹೆಂಗಸರು 1,494 ಮತ್ತು 2,827. ಇವು ಕಣ್ಣಿಗೆ ಕಂಡ ಎಣಿಕೆಗಳು.

ಈಗ ನಿರೀಕ್ಷಿತ ಎಣಿಕೆ. ಹೆಸರು ಕೇಳಿ ಹೆದರಬೇಡಿ, ಇದು ಪಾಲು ಹಂಚುವ ಲೆಕ್ಕ. ಎಲ್ಲರನ್ನೂ ಸೇರಿಸಿದರೆ ಸೀಟು ಸಿಕ್ಕವರು 5,232, ಅಂದರೆ ನೂರಕ್ಕೆ 41. ಗಂಡೋ ಹೆಣ್ಣೋ ಅನ್ನುವುದಕ್ಕೂ ಸೀಟಿಗೂ ಸಂಬಂಧವೇ ಇಲ್ಲ ಅಂತ ಇಟ್ಟುಕೊಳ್ಳಿ. ಆಗ ಹೆಂಗಸರಿಗೂ ಅದೇ ನೂರಕ್ಕೆ 41ರ ಪಾಲು ಬರಬೇಕಿತ್ತು, ಅಲ್ವಾ? 4,321ರಲ್ಲಿ ಆ ಪಾಲು 1,771. ಇದೇ ನಿರೀಕ್ಷಿತ ಎಣಿಕೆ. ಸಾಲಿನ ಮೊತ್ತವನ್ನು ಕಂಬದ ಮೊತ್ತದಿಂದ ಗುಣಿಸಿ ಒಟ್ಟು ಮೊತ್ತದಿಂದ ಭಾಗಿಸಿ ಅಂತ ಪುಸ್ತಕದಲ್ಲಿ ಇರುತ್ತದೆ. ಅದೂ ಇದೇ ಪಾಲು, ಬೇರೇನಲ್ಲ.

ಬರಬೇಕಿದ್ದದ್ದು 1,771, ಬಂದದ್ದು 1,494. 277 ಕಡಿಮೆ. ಉಳಿದ ಮೂರು ಮನೆಗಳಲ್ಲೂ ವ್ಯತ್ಯಾಸ ಅದೇ 277 ಬರುತ್ತದೆ, ಒಂದು ಕಡೆ ಕಡಿಮೆ ಇನ್ನೊಂದು ಕಡೆ ಜಾಸ್ತಿ. ಮೊತ್ತಗಳು ಮೊದಲೇ ಗೊತ್ತಿರುವುದರಿಂದ ಒಂದು ಮನೆ ತುಂಬಿದರೆ ಮಿಕ್ಕವು ತಾವೇ ತುಂಬಿಕೊಳ್ಳುತ್ತವೆ. 'ಡಿಗ್ರಿ ಆಫ್ ಫ್ರೀಡಂ ಒಂದು' ಅನ್ನುವುದರ ಅರ್ಥ ಇಷ್ಟೇ. 1900ರಲ್ಲಿ ಈ ಪರೀಕ್ಷೆಯನ್ನು ಕೊಟ್ಟ ಕಾರ್ಲ್ ಪಿಯರ್ಸನ್ ಅವರೇ ಇಲ್ಲಿ ಮೂರು ಅಂದುಕೊಂಡು ಎಡವಿದ್ದರು. ಒಂದೇ ಎಂದು ತೋರಿಸಿದ್ದು 1922ರಲ್ಲಿ ಫಿಶರ್. ಆದ್ದರಿಂದ ನಿಮಗೆ ತಪ್ಪಿದರೆ ಬೇಜಾರು ಮಾಡಿಕೊಳ್ಳಬೇಡಿ.

277 ಅನ್ನುವುದು ದೊಡ್ಡದೋ ಚಿಕ್ಕದೋ? ಮುನ್ನೂರು ನಿರೀಕ್ಷಿಸಿದ ಕಡೆ 277 ಕಡಿಮೆಯಾದರೆ ಗಂಡಾಂತರ, ಲಕ್ಷ ನಿರೀಕ್ಷಿಸಿದ ಕಡೆಯಾದರೆ ಏನೂ ಅಲ್ಲ. ಅದಕ್ಕೇ ವ್ಯತ್ಯಾಸವನ್ನು ವರ್ಗ ಮಾಡಿ, ಆಯಾ ಮನೆಯ ನಿರೀಕ್ಷಿತ ಎಣಿಕೆಯಿಂದ ಭಾಗಿಸುತ್ತೇವೆ. ಸೀಟು ಸಿಕ್ಕ ಹೆಂಗಸರ ಮನೆಯಲ್ಲಿ ಸುಮಾರು 43 ಬರುತ್ತದೆ. ಉಳಿದವುಗಳಲ್ಲಿ 30, 22, 15ರ ಹತ್ತಿರ. ದಶಮಾಂಶ ಬಿಡದೆ ಕೂಡಿದರೆ 111. ಇದೇ ಕೈ-ಸ್ಕ್ವೇರ್. ಸಂಬಂಧವೇ ಇಲ್ಲದಿದ್ದರೆ ಈ ಸಂಖ್ಯೆ 3.84 ದಾಟುವುದು ನೂರಕ್ಕೆ ಐದು ಸಲ ಮಾತ್ರ. ಪಿ-ವ್ಯಾಲ್ಯೂ 0.05 ಅನ್ನುವುದು ಇದನ್ನೇ. ನಮ್ಮದು 111! ಸುಮ್ನೆ ಆಕಸ್ಮಿಕವಾಗಿ ಹೀಗಾಯಿತು ಅನ್ನಲು ಬರುವುದಿಲ್ಲ. ಸಂಬಂಧ ಇದೆ.

ಇದೆ. ಅಷ್ಟೇ. ಎಷ್ಟಿದೆ ಅಂತ 111 ಹೇಳಿಲ್ಲ.

ಯಾಕೆ ಅಂದರೆ, ಕೈ-ಸ್ಕ್ವೇರ್ ತಲೆ ಎಣಿಕೆಯ ಜೊತೆ ಉಬ್ಬುತ್ತದೆ. ಇದೇ 44 ಮತ್ತು 35ರ ಪ್ರಮಾಣ ಇಟ್ಟುಕೊಂಡು ಅರ್ಜಿಗಳನ್ನು ಮಾತ್ರ ನೂರನೇ ಒಂದು ಭಾಗಕ್ಕೆ ಇಳಿಸಿ. ಸುಮಾರು 128 ಜನ. ಆಗ ಕೈ-ಸ್ಕ್ವೇರ್ ಕೂಡ ನೂರನೇ ಒಂದು ಭಾಗ, ಅಂದರೆ 1.1. ಅದು 3.84ನ್ನು ಮುಟ್ಟುವುದೇ ಇಲ್ಲ. ನೀವು 'ಸಂಬಂಧವಿಲ್ಲ' ಅಂತ ಬರೆದು ಮನೆಗೆ ಹೋಗುತ್ತೀರಿ. ಅಂತರ ಬದಲಾಗಲಿಲ್ಲ, ಜನ ಕಡಿಮೆಯಾದರು. ಅಲ್ಲಿ ಬರೆಯಬೇಕಾದದ್ದು 'ಸಂಬಂಧ ಇದೆ ಅನ್ನಲು ಈ ಎಣಿಕೆ ಸಾಲದು' ಅಂತ. 'ಇಲ್ಲ' ಅನ್ನುವುದು ಬೇರೆ, 'ಕಾಣಲಿಲ್ಲ' ಅನ್ನುವುದು ಬೇರೆ ಕಣ್ರೀ.

ಎಷ್ಟಿದೆ ಅಂತ ತಿಳಿಯಲು ಎಫೆಕ್ಟ್ ಸೈಜ್ ಬೇಕು. ನಾಲ್ಕು ಮನೆಯ ಪಟ್ಟಿಗೆ 'ಫೈ' ಅನ್ನುವ ಅಳತೆ ಸಾಕು. ಕೈ-ಸ್ಕ್ವೇರನ್ನು ಒಟ್ಟು ಜನರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. 111ನ್ನು 12,763ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.09. ರೂಢಿಯಲ್ಲಿ 0.1 ಸಣ್ಣದು, 0.3 ಮಧ್ಯಮ, 0.5 ದೊಡ್ಡದು ಅನ್ನುತ್ತಾರೆ. 111 ಅಂತ ಆರ್ಭಟಿಸಿದ್ದು ಅಳೆದು ನೋಡಿದರೆ 0.09! ಆದರೆ ಸಣ್ಣದು ಅಂದ ಮಾತ್ರಕ್ಕೆ ತಳ್ಳಿಹಾಕುವಂತಿಲ್ಲ. ನೂರಕ್ಕೆ 44 ಎಲ್ಲಿ, 35 ಎಲ್ಲಿ. 277 ಸೀಟು ಅಂದರೆ 277 ಹೆಣ್ಣುಮಕ್ಕಳು. ಅದಕ್ಕೇ ಫೈ ಜೊತೆಗೆ ಆ ಎರಡು ಪ್ರಮಾಣಗಳನ್ನೂ ಬರೆಯಿರಿ ಅಂತ ನಾನು ಗೋಗರೆಯುವುದು.

ಇನ್ನು ಯಾಕೆ. ನನ್ನ ಪ್ರಸಂಗದ ರುಚಿ ಇರುವುದು ಇಲ್ಲಿ. ಸಮಯ ಸ್ವಲ್ಪ ಜಾಸ್ತಿಯಾಗುತ್ತಿದೆ, ಆದರೆ ಇದನ್ನು ಬಿಡಲಾರೆ.

ಹೆಂಗಸರಿಗೆ ಅನ್ಯಾಯ ಆಗಿದೆ ಅಂತ ನಿಮಗೆ ಈಗಾಗಲೇ ಅನ್ನಿಸಿರಬೇಕು. ಹಾಗಾದರೆ ಅನ್ಯಾಯ ಮಾಡಿದ ವಿಭಾಗ ಯಾವುದು? ಬರ್ಕ್ಲಿಯಲ್ಲಿ ಸೀಟು ಕೊಡುತ್ತಿದ್ದದ್ದು ಆಯಾ ವಿಭಾಗವೇ. ವಿಭಾಗವಾರು ಬಿಡಿಸಿ ನೋಡಿದರೆ ಹೆಚ್ಚಿನ ವಿಭಾಗಗಳಲ್ಲಿ ಅನ್ಯಾಯ ಕೈಗೆ ಸಿಗಲಿಲ್ಲ! ಜಾಸ್ತಿ ಅರ್ಜಿ ಬಂದ ಆರು ವಿಭಾಗಗಳ ಅಂಕಿಗಳು ಇವತ್ತಿಗೂ ಪಾಠದಲ್ಲಿ ಓಡಾಡುತ್ತಿವೆ. ಹೆಸರು ಮುಚ್ಚಿಟ್ಟು ಎ, ಬಿ, ಸಿ ಅಂತ ಕರೆಯುತ್ತಾರೆ. ಎ ವಿಭಾಗದಲ್ಲಿ ಗಂಡಸರಲ್ಲಿ ನೂರಕ್ಕೆ 62 ಜನರಿಗೆ ಸೀಟು, ಹೆಂಗಸರಲ್ಲಿ 82 ಜನರಿಗೆ. ಹೆಂಗಸರೇ ಮುಂದೆ! ಆರರಲ್ಲಿ ನಾಲ್ಕು ವಿಭಾಗಗಳಲ್ಲಿ ಹೆಂಗಸರ ಪ್ರಮಾಣ ಹೆಚ್ಚು. ಉಳಿದ ಎರಡರಲ್ಲಿ ಗಂಡಸರು ಮೂರು ನಾಲ್ಕು ಅಂಕ ಮುಂದೆ, ಅಷ್ಟೇ.

ಹಾಗಾದರೆ ಒಟ್ಟಿನಲ್ಲಿ ಹೆಂಗಸರು ಹಿಂದೆ ಬಿದ್ದದ್ದು ಹೇಗೆ? ಅರ್ಜಿ ಎಲ್ಲಿಗೆ ಹೋಗಿತ್ತು ನೋಡಿ. ಎ ಮತ್ತು ಬಿ ವಿಭಾಗಗಳಲ್ಲಿ ಅರ್ಜಿ ಹಾಕಿದ ಅರ್ಧಕ್ಕಿಂತ ಹೆಚ್ಚು ಜನರಿಗೆ ಸೀಟು. ಈ ಆರು ವಿಭಾಗಗಳಿಗೆ ಬಂದ ಗಂಡಸರಲ್ಲಿ ಅರ್ಧದಷ್ಟು ಜನ ಆ ಎರಡಕ್ಕೇ ಅರ್ಜಿ ಹಾಕಿದ್ದರು. ಹೆಂಗಸರಲ್ಲಿ ನೂರಕ್ಕೆ ಏಳು ಜನ ಮಾತ್ರ. ಮಿಕ್ಕವರೆಲ್ಲ ಸೀಟು ಸಿಗುವುದೇ ಕಷ್ಟವಾದ ಬಾಗಿಲುಗಳ ಮುಂದೆ ಸಾಲು ನಿಂತಿದ್ದರು. ಎಫ್ ವಿಭಾಗವಂತೂ ಗಂಡಾಗಲಿ ಹೆಣ್ಣಾಗಲಿ, ನೂರಕ್ಕೆ ಆರೇಳು ಜನರನ್ನು ಮಾತ್ರ ಒಳಗೆ ಬಿಟ್ಟಿತ್ತು. ನಮ್ಮ ನಾಲ್ಕು ಮನೆಯ ಪಟ್ಟಿಯಲ್ಲಿ ವಿಭಾಗಕ್ಕೆ ಜಾಗವೇ ಇರಲಿಲ್ಲ. ಇಲ್ಲದ್ದನ್ನು ಕೈ-ಸ್ಕ್ವೇರ್ ಎಲ್ಲಿಂದ ನೋಡೀತು?

ಹಾಗಂತ 'ಭೇದಭಾವ ಇರಲೇ ಇಲ್ಲ' ಅಂತ ಬರೆದರೂ ತಪ್ಪೇ. ಹೆಣ್ಣುಮಕ್ಕಳು ಎ, ಬಿ ಕಡೆ ಯಾಕೆ ಹೋಗಲಿಲ್ಲ? ಶಾಲೆಯಲ್ಲಿ ಅವರು ಗಣಿತ ಬಿಡುವಂತೆ ಮಾಡಿದವರು ಯಾರು? ಅದಕ್ಕೆ ಈ ಪಟ್ಟಿಯಲ್ಲಿ ಉತ್ತರವಿಲ್ಲ. ಹೆಣ್ಣುಮಕ್ಕಳನ್ನು ಮನೆಯೂ ಶಾಲೆಯೂ ಮೊದಲೇ ಬೇರೆ ದಾರಿಗೆ ತಿರುಗಿಸುತ್ತವೆ ಅಂತ ಬಿಕೆಲ್ ತಂಡವೇ ಬರೆಯಿತು. ಇದೆಯಾ ಅಂದರೆ ಇದೆ. ಎಷ್ಟು ಅಂದರೆ 0.09. ಯಾಕೆ ಅಂದರೆ ಕೈ-ಸ್ಕ್ವೇರನ್ನು ಕೇಳಬೇಡಿ.

ಇನ್ನೊಂದು ತಮಾಷೆ ನೋಡಿ. ಎ ವಿಭಾಗವೊಂದಕ್ಕೇ ಕೈ-ಸ್ಕ್ವೇರ್ ಹಾಕಿದರೆ ಬರುವುದು ಸುಮಾರು 17. 111ರ ಮುಂದೆ ಪಾಪ ಅನ್ನಿಸುತ್ತದೆ. ಆದರೆ ಅಲ್ಲಿದ್ದವರು 933 ಜನ. ಫೈ ತೆಗೆದರೆ 0.14. ಚಿಕ್ಕ ಕೈ-ಸ್ಕ್ವೇರ್, ಹೆಚ್ಚು ಗಟ್ಟಿ ಸಂಬಂಧ! ಪಕ್ಕಪಕ್ಕದಲ್ಲಿಟ್ಟ ಎರಡು ಕೈ-ಸ್ಕ್ವೇರ್ ನೋಡಿ 'ಇದರ ಪ್ರಭಾವ ಜಾಸ್ತಿ' ಅಂತ ವರದಿಯಲ್ಲಿ ಬರೆಯುವವರು ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ಸಮಯ ಮುಗಿಯಿತು ಅಂತ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಓಡುತ್ತಾ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿ ತಲೆ ಎಣಿಕೆ ಹಾಕಿ, ಶೇಕಡಾ ಹಾಕಬೇಡಿ. 44 ಮತ್ತು 35ನ್ನೇ ಎಣಿಕೆ ಎಂದು ಹಾಕಿದ ವಿದ್ಯಾರ್ಥಿಯೊಬ್ಬನಿಗೆ 111ರ ಜಾಗದಲ್ಲಿ 1.7 ಬಂದಿತ್ತು. ಯಾವುದಾದರೂ ಮನೆಯ ನಿರೀಕ್ಷಿತ ಎಣಿಕೆ ಐದಕ್ಕಿಂತ ಕಡಿಮೆಯಾದರೆ ಫಿಶರ್ ಎಕ್ಸಾಕ್ಟ್ ಪರೀಕ್ಷೆ ಮಾಡಿ. ನೋಡಬೇಕಾದದ್ದು ನಿರೀಕ್ಷಿತ ಎಣಿಕೆಯನ್ನು, ಕಂಡ ಎಣಿಕೆಯನ್ನಲ್ಲ. ಒಬ್ಬ ವ್ಯಕ್ತಿ ಒಂದೇ ಮನೆಯಲ್ಲಿ, ಒಂದೇ ಸಲ ಇರಬೇಕು. ತರಬೇತಿಗೆ ಮುಂಚೆ ಮತ್ತು ನಂತರ ಅಂತ ಅದೇ ಜನರನ್ನು ಎರಡು ಸಲ ಎಣಿಸಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ. ನಾಲ್ಕು ಮನೆಗಿಂತ ದೊಡ್ಡ ಪಟ್ಟಿಯಾದರೆ ಫೈ ಬದಲು ಕ್ರಾಮರ್ ವಿ ಅನ್ನುವ ಅಳತೆ.

ವರದಿಯಲ್ಲಿ ಹೇಗೆ ಬರೆಯಬೇಕು ಅಂತ ಕೇಳುವವರಿಗೆ, ಬರ್ಕ್ಲಿ ಲೆಕ್ಕವನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ. ಬರೆದುಕೊಳ್ಳಿ. "ಗಂಡಸರಲ್ಲಿ ಶೇ. 44, ಹೆಂಗಸರಲ್ಲಿ ಶೇ. 35 ಜನರಿಗೆ ಪ್ರವೇಶ ಸಿಕ್ಕಿದೆ. ಸಂಬಂಧವಿಲ್ಲದಿದ್ದರೆ 1,771 ಹೆಂಗಸರಿಗೆ ಸಿಗಬೇಕಿತ್ತು, ಸಿಕ್ಕಿದ್ದು 1,494 ಜನರಿಗೆ. ಕೈ-ಸ್ಕ್ವೇರ್ 111, ಡಿಗ್ರಿ ಆಫ್ ಫ್ರೀಡಂ 1, ಜನ 12,763, ಪಿ-ವ್ಯಾಲ್ಯೂ 0.001ಕ್ಕಿಂತ ಕಡಿಮೆ, ಫೈ 0.09. ಸಂಬಂಧ ಇದೆ, ಸಣ್ಣದು. ಅರ್ಜಿ ಹಾಕಿದ ವಿಭಾಗವನ್ನು ಈ ಪಟ್ಟಿ ಗಣನೆಗೆ ತೆಗೆದುಕೊಂಡಿಲ್ಲ."

ಆ ಕೊನೆಯ ವಾಕ್ಯವನ್ನು ಗೈಡು ಹೊಡೆದುಹಾಕಿದರೆ ಮತ್ತೆ ಬರೆಯಿರಿ. ನಮಸ್ಕಾರ.