ಒಂದು ತಾಸಿನ ಜಿಮ್‌ಗೆ ಎಷ್ಟು ಕ್ಯಾಲರಿ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಹುಬ್ಬಳ್ಳಿಯ ವಿದ್ಯಾನಗರದಿಂದ ಬಂದ ಹುಡುಗನೊಬ್ಬ ಹೋದ ವಾರ ನನ್ನನ್ನು ತಡೆದು ಕೇಳಿದ: "ಸರ್, ಗೋಡೆ ಮೇಲಿನ ಚಾರ್ಟ್ 257 ಅಂತದ, ಮೊಬೈಲ್ 441 ಅಂತದ. ಯಾವುದನ್ನ ನಂಬಲಿ? ಗಿರಮಿಟ್ಟಿನ ಲೆಕ್ಕ ತಪ್ತದ!"

ಚಾರ್ಟ್, ಮೊಬೈಲ್ ಎರಡೂ ಒಂದೇ ಸೂತ್ರ ಬಳಸಿವೆ. ಕೆಲಸ ಎಷ್ಟು ಜೋರು ಅಂತ ಹೇಳುವ ಮೆಟ್ ಅನ್ನುವ ಅಂಕಿಯನ್ನು 3.5ರಿಂದ ಗುಣಿಸಿ, ಮೈತೂಕದಿಂದ ಗುಣಿಸಿ, 200ರಿಂದ ಭಾಗಿಸಿದರೆ ನಿಮಿಷಕ್ಕೆ ಇಷ್ಟು ಕ್ಯಾಲರಿ ಅಂತ ಬರುತ್ತದೆ. ಸುಮ್ಮನೆ ಕೂತರೆ 1 ಮೆಟ್. ಹುಡುಗನ ತೂಕ 70 ಕಿಲೋ, ಸಮಯ 60 ನಿಮಿಷ. ಚಾರ್ಟ್ ಸಾಧಾರಣ ವ್ಯಾಯಾಮದ 3.5 ಮೆಟ್ ಹಿಡಿದಿದೆ. ಮೊಬೈಲ್ ಜೋರು ವ್ಯಾಯಾಮದ 6 ಹಿಡಿದಿದೆ. ಅಷ್ಟೇ ವ್ಯತ್ಯಾಸ.

ಹಾಗಾದರೆ ಅವನದು ಯಾವುದು? ಗಡಿಯಾರ ಹಿಡಿದು ನೋಡಿದೆವು. 18 ಸೆಟ್, ಒಂದಕ್ಕೆ 40 ಸೆಕೆಂಡ್. ಅಂದರೆ ಎತ್ತಿದ್ದು ಬರೀ 12 ನಿಮಿಷ! ಮೊದಲಿನ ಮೈಬಿಸಿಗೆ 6 ನಿಮಿಷ ಹೋಯ್ತು. ಉಳಿದ 42 ನಿಮಿಷ ಸೆಟ್ಟುಗಳ ನಡುವಿನ ವಿಶ್ರಾಂತಿ. ಇಂಥ ತಾಸಿಗೆ 6 ಹಾಕಿದರೆ ಜಾಸ್ತಿಯಾಗುತ್ತದೆ.

"ಹಾಗಾದರೆ 12 ನಿಮಿಷಕ್ಕಷ್ಟೇ ಲೆಕ್ಕ ಹಾಕಲಾ?" ಅಂದ. ಬೇಡ. ಸ್ಕ್ವಾಟ್ ಮುಗಿಸಿ ಬಾರ್ ಇಟ್ಟ ಮೇಲೇ ಅಲ್ವಾ ಏದುಸಿರು ಬರುವುದು? ಸ್ನಾಯು ಸೆಟ್‌ನಲ್ಲಿ ಸಾಲ ಮಾಡುತ್ತದೆ, ಆಮ್ಲಜನಕ ಆ ಸಾಲವನ್ನು ವಿಶ್ರಾಂತಿಯಲ್ಲಿ ತೀರಿಸುತ್ತದೆ. ಮೆಟ್ ಅಂಕಿಯಲ್ಲಿ ಸೆಟ್, ವಿಶ್ರಾಂತಿ ಎರಡೂ ಬೆರೆತೇ ಇರುತ್ತವೆ. ವಿಶ್ರಾಂತಿ ಕಿತ್ತು ಹಾಕಿದರೆ, 6 ಮೆಟ್ ಹಿಡಿದರೂ 12 ನಿಮಿಷಕ್ಕೆ 88 ಬರುತ್ತದೆ. ಅದು ತೀರಾ ಕಡಿಮೆ.

ಇನ್ನೊಂದು ಮಾತು. ಆ 257ರಲ್ಲಿ ಅವನು ಮನೆಯಲ್ಲಿ ಕೂತಿದ್ದರೂ ಖರ್ಚಾಗುತ್ತಿದ್ದ 73 ಕ್ಯಾಲರಿ ಸೇರಿದೆ. ಅದನ್ನು ಕಳೆದರೆ ಜಿಮ್‌ನ ಪಾಲು ಸುಮಾರು 184. ಕೆಲವು ಕೋಷ್ಟಕ ಕಳೆದು ಕೊಡುತ್ತವೆ, ಕೆಲವು ಇಲ್ಲ. ಹೇಳುವುದೂ ಇಲ್ಲ.

ವಿಶ್ರಾಂತಿಯನ್ನು ಒಂದು ನಿಮಿಷಕ್ಕೆ ಇಳಿಸಿದರೆ? ಅವೇ 18 ಸೆಟ್ ಮೈಬಿಸಿಯೂ ಸೇರಿ 35 ನಿಮಿಷಕ್ಕೆ ಮುಗಿಯುತ್ತವೆ. ಆಗ ಮೆಟ್ 5 ಅಂತ ಇಟ್ಟುಕೊಳ್ಳೋಣ: 214 ಬರುತ್ತದೆ. ಕೂತಿದ್ದಾಗಿನ 43 ಕಳೆದರೆ 171. ನಿಮಿಷಕ್ಕೆ ಜಾಸ್ತಿ, ಒಟ್ಟು ಮಾತ್ರ ಹೆಚ್ಚುಕಡಿಮೆ ಅಷ್ಟೇ. ಎತ್ತಿದ ಭಾರ ಬದಲಾಗಲಿಲ್ಲವಲ್ಲ!

ಆದರೆ ಆ ಭಾರ ಸೂತ್ರದಲ್ಲೇ ಇಲ್ಲ. 40 ಕಿಲೋ ಎತ್ತುವ 70 ಕಿಲೋದವನಿಗೂ 100 ಕಿಲೋ ಎತ್ತುವವನಿಗೂ ಒಂದೇ ಉತ್ತರ. ನಮ್ಮ ಗರಡಿ ಉಸ್ತಾದರು ಇದನ್ನು ಕೇಳಿದರೆ ನಕ್ಕುಬಿಡುತ್ತಾರೆ.

ಕೈಗಡಿಯಾರ ಎದೆಬಡಿತ ನೋಡಿ ಹೇಳುತ್ತದಲ್ಲ, ಅದೂ ಎಡವುತ್ತದೆ. ಉಸಿರು ಬಿಗಿಹಿಡಿದು ಡೆಡ್‌ಲಿಫ್ಟ್ ಮಾಡಿದಾಗ ಬಡಿತ ಏರುತ್ತದೆ, ಆಮ್ಲಜನಕದ ಬಳಕೆ ಓಡುವಾಗಿನಷ್ಟು ಏರುವುದಿಲ್ಲ. ಗಡಿಯಾರ ಮಾತ್ರ ಓಡಿದ್ದಾರೆ ಅಂದುಕೊಳ್ಳುತ್ತದೆ. ಹುಡುಗನಿಗೆ ನಾನು ಹೇಳಿದ್ದು: 180 ಅಂತ ಬರೆದುಕೋ, ಆಚೀಚೆ 50 ಬಿಡು.