ಹಲ್ಲು ಕಿತ್ತರೂ ಹೋಗದ ನೋವು

ಕೇಳುಗರಿಗೆ ನಮಸ್ಕಾರ. ನಾನು ಕೋಲಾರದಲ್ಲಿ ದಂತವೈದ್ಯ. ನೀರಿನ ಫ್ಲೋರೈಡ್‌ನಿಂದ ಕಂದು ಕಲೆ ಬಿದ್ದ ಹಲ್ಲುಗಳು ನಮ್ಮ ಜಿಲ್ಲೆಗೆ ಹೊಸದಲ್ಲ. ಹಾಗಾಗಿ ಮುಖದ ಒಂದು ಬದಿ ನೋಯತೊಡಗಿದರೆ, ಕನ್ನಡಿ ಹಿಡಿದವರಿಗೆ ಅಪರಾಧಿ ಹಲ್ಲು ತಕ್ಷಣ ಸಿಕ್ಕಿಬಿಡುತ್ತದೆ. ಕಲೆ ಇದ್ದ ಮಾತ್ರಕ್ಕೆ ಹಲ್ಲು ನೋಯುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ.

ಶ್ರೀನಿವಾಸಪುರದ ಕಡೆಯಿಂದ ಬಂದಿದ್ದ, ಅರವತ್ತರ ಆಸುಪಾಸಿನ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಬಲಗಡೆ ಮೇಲಿನ ಎರಡು ದವಡೆ ಹಲ್ಲುಗಳನ್ನು ಅವರು ಆಗಲೇ ಕೀಳಿಸಿಕೊಂಡಿದ್ದರು. ಮೊದಲನೆಯದನ್ನು ಕಿತ್ತ ಮೇಲೆ ಕೆಲವು ತಿಂಗಳು ನೋವು ಇರಲಿಲ್ಲ. ಮತ್ತೆ ಬಂದಾಗ ಪಕ್ಕದ ಹಲ್ಲು ಹೋಯಿತು, ನೋವು ಮಾತ್ರ ಉಳಿಯಿತು. ಈಗ ಮೂರನೆಯದನ್ನೂ ಕೀಳಿ ಎಂದು ಕೇಳಲು ಬಂದಿದ್ದರು.

"ಎಲ್ಲಿ ನೋಯುತ್ತದೆ, ತೋರಿಸಿ ಅಮ್ಮಾ" ಎಂದೆ. ಬೆರಳು ಮೂಗಿನ ಹೊಳ್ಳೆಯ ಪಕ್ಕಕ್ಕೆ ಬಂದು, ಚರ್ಮಕ್ಕೆ ತಾಗದೆ ಗಾಳಿಯಲ್ಲೇ ನಿಂತಿತು. ಹಲ್ಲುನೋವಿನವರು ಕೆನ್ನೆಯನ್ನು ಅಂಗೈಯಿಂದ ಒತ್ತಿ ಹಿಡಿದು ಬರುತ್ತಾರೆ. ಮುಟ್ಟಲು ಹೆದರುವವರನ್ನು ಕಂಡರೆ ನನಗೆ ಬೇರೆಯೇ ಅನುಮಾನ ಬರುತ್ತದೆ.

ಮುಖ ತೊಳೆದರೆ, ಹಲ್ಲುಜ್ಜಿದರೆ, ಧನುರ್ಮಾಸದ ತಣ್ಣನೆಯ ಗಾಳಿ ತುಟಿಗೆ ಬಡಿದರೆ ಶಾಕ್ ಹೊಡೆದಂತೆ ನೋವು ಬರುತ್ತಿತ್ತು. ಕೆಲವು ಸೆಕೆಂಡು ಇದ್ದು ಹೋಗುತ್ತಿತ್ತು. ನಡುವೆ ಏನೂ ಇಲ್ಲ. ಅಗಿಯುವುದಕ್ಕೆ ಹೆದರಿ ಅವರೆಕಾಳನ್ನು ಬಿಟ್ಟಿದ್ದರು. ಮುದ್ದೆಯನ್ನು ಹೇಗೂ ನುಂಗುವುದಲ್ಲವೇ, ಅದೊಂದೇ ಅವರ ಊಟವಾಗಿತ್ತು. ರಾತ್ರಿ ನಿದ್ದೆಗೆ ಮಾತ್ರ ತೊಂದರೆ ಇರಲಿಲ್ಲ. ಹಲ್ಲಿನೊಳಗಿನ ತಿರುಳು ಉರಿಗೊಂಡಾಗ ಇದೆಲ್ಲ ತಿರುಗುಮುರುಗಾಗಿರುತ್ತದೆ. ತಣ್ಣೀರು ತಾಗಿ ಎದ್ದ ನೋವು ನೀರು ನುಂಗಿದ ಮೇಲೂ ನಿಮಿಷಗಟ್ಟಲೆ ಮಿಡಿಯುತ್ತದೆ, ಮಲಗಿದರೆ ಜಾಸ್ತಿಯಾಗುತ್ತದೆ, ನಡುರಾತ್ರಿ ಎಬ್ಬಿಸುತ್ತದೆ. ನಿಜವಾಗಿ ಗೊಂದಲ ಮಾಡುವುದು ಬಿರುಕು ಬಿಟ್ಟ ಹಲ್ಲು, ಏಕೆಂದರೆ ಅದರ ನೋವೂ ಚುಚ್ಚಿ ಮಾಯವಾಗುವಂಥದ್ದು. ಆದರೆ ಅದು ಕಚ್ಚಿದಾಗ, ಅದರಲ್ಲೂ ಕಚ್ಚಿದ್ದನ್ನು ಬಿಡುವಾಗ ಬರುತ್ತದೆ. ಕೆನ್ನೆ ಸವರಿದರೆ ಬರುವುದಿಲ್ಲ.

ಆದ್ದರಿಂದ ಒಂದೊಂದು ಹಲ್ಲನ್ನೂ ತಟ್ಟಿ, ಕಚ್ಚಿಸಿ, ತಣ್ಣನೆಯದು ತಾಗಿಸಿ ನೋಡಿದೆ. ಬೇರಿನ ಎಕ್ಸ್‌ರೇ ತೆಗೆದೆ. ಮೂರನೆಯ ಹಲ್ಲಿನಲ್ಲಿ ಕೀಳುವಂಥ ಕಾರಣ ಸಿಗಲಿಲ್ಲ. "ಮರಗಟ್ಟಿಸುವ ಸೂಜಿ ಹಾಕಿದಾಗ ನೋವು ನಿಂತಿತ್ತಲ್ಲ, ಹಾಗಾದರೆ ಹಲ್ಲೇ ಅಲ್ಲವೇ ಸ್ವಾಮಿ?" ಎಂದರು. ಒಳ್ಳೆಯ ಪ್ರಶ್ನೆ. ಎಷ್ಟೋ ಹಲ್ಲುಗಳು ಈ ಒಂದು ಸಾಕ್ಷಿಯ ಮೇಲೆ ಬಾಯಿ ಬಿಟ್ಟು ಹೋಗಿವೆ. ನೋವನ್ನು ಕೆರಳಿಸುವ ಸ್ಪರ್ಶವೇ ಆ ಸೂಜಿಯಿಂದ ನರದಲ್ಲಿ ಮುಂದೆ ಸಾಗುವುದಿಲ್ಲ. ಹೀಗಾಗಿ ಮೂಲ ಎಲ್ಲಿದ್ದರೂ ಔಷಧದ ಪ್ರಭಾವ ಇರುವಷ್ಟು ಹೊತ್ತು ನೋವು ನಿಲ್ಲುತ್ತದೆ. ಇನ್ನು ಮೊದಲ ಹಲ್ಲು ಕಿತ್ತ ಮೇಲೆ ಸಿಕ್ಕ ಬಿಡುವು? ಈ ಕಾಯಿಲೆ ವಾರಗಟ್ಟಲೆ, ತಿಂಗಳುಗಟ್ಟಲೆ ತಾನಾಗಿಯೇ ಸುಮ್ಮನಿರುತ್ತದೆ. ಕಿತ್ತವರಿಗೆ ಪುಕ್ಕಟೆ ಹೆಸರು ಬರುತ್ತದೆ.

ಕಾಯಿಲೆಯ ಹೆಸರು ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಮುಖದ ಸ್ಪರ್ಶವನ್ನು ಒಯ್ಯುವ ನರ ಮೂರು ಕವಲಾಗಿ ಹಣೆ, ಮೇಲ್ದವಡೆ, ಕೆಳದವಡೆಗಳಿಗೆ ಹೋಗುತ್ತದೆ. ನೋವು ಹೆಚ್ಚಾಗಿ ಕೆಳಗಿನ ಎರಡು ಕವಲುಗಳಲ್ಲಿ ಬರುವುದರಿಂದಲೇ ಹಲ್ಲಿನ ಮೇಲೆ ಗುಮಾನಿ. ಮಿದುಳಿನ ಬುಡದಲ್ಲಿ ಒಂದು ರಕ್ತನಾಳ ಈ ನರವನ್ನು ಒತ್ತುತ್ತಾ ಇದ್ದರೆ, ತಂತಿಯ ಮೇಲಿನ ಪ್ಲಾಸ್ಟಿಕ್ಕಿನಂತೆ ನರದ ಹೊದಿಕೆ ಸವೆಯುತ್ತದೆ. ಆಗ ಬರಿಯ ಸ್ಪರ್ಶವೇ ನೋವಾಗಿ ಹರಿಯುತ್ತದೆ.

ಆ ತಾಯಿಯನ್ನು ನರರೋಗ ತಜ್ಞರಲ್ಲಿಗೆ ಕಳಿಸಿದೆ. ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ನಾಟುವುದಿಲ್ಲ. ಅವರು ಕಾರ್ಬಮಜೆಪಿನ್ ಅನ್ನು 100 ಮಿಲಿಗ್ರಾಂನಂತೆ ದಿನಕ್ಕೆ ಎರಡು ಬಾರಿ ಶುರುಮಾಡಿ ನಿಧಾನವಾಗಿ ಏರಿಸಿದರು. ಕೆಲವೇ ದಿನಗಳಲ್ಲಿ ಮುಖ ತೊಳೆಯುವಂತಾದರು. ತಲೆ ತಿರುಗು, ಮಂಪರು ಇದ್ದವು. ಈ ಮಾತ್ರೆಯಿಂದ ರಕ್ತದ ಸೋಡಿಯಂ ಇಳಿಯಬಹುದಾದ್ದರಿಂದ ರಕ್ತ ಪರೀಕ್ಷೆ ಬೇಕಾಗುತ್ತದೆ. ಮೊದಲ ವಾರಗಳಲ್ಲಿ ಮೈಮೇಲೆ ಗುಳ್ಳೆ ಎದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು, ಅದು ಪ್ರಾಣಕ್ಕೇ ಬರಬಹುದು. ಮಾತ್ರೆ ಸಾಲದೆ ಹೋದರೆ, ರಕ್ತನಾಳವನ್ನು ನರದಿಂದ ಸರಿಸಿ ನಡುವೆ ಮೆತ್ತೆ ಇಡುವ ಶಸ್ತ್ರಚಿಕಿತ್ಸೆಯಿದೆ.

ಎಂಆರ್‌ಐ ಎಲ್ಲರಿಗೂ ಮಾಡಿಸುವುದು ಒಳ್ಳೆಯದು. ನಲವತ್ತರ ಒಳಗಿನವರು, ಎರಡೂ ಬದಿ ನೋಯುವವರು, ಮುಖದ ಒಂದು ಭಾಗ ಮರಗಟ್ಟಿದವರು ಅದನ್ನು ತಡಮಾಡಲೇಬಾರದು. ಅಂಥವರಲ್ಲಿ ಗಡ್ಡೆಯೋ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವೋ ಹಿಂದೆ ಇರಬಹುದು. ನಮಸ್ಕಾರ.